Sn, Sb, Ts: ಧಾತುಗಳ ಹೆಸರು ಮತ್ತು ಸಂಕೇತಗಳನ್ನು ಬಿಡಿಸಿ ಓದುವ ಸಮಗ್ರ ಮಾರ್ಗದರ್ಶಿ

ಒಂದು ಪ್ರಯೋಗಶಾಲೆಯ ಕಪಾಟಿನಲ್ಲಿ ನಾನು ಕಂಡ ಬಾಟಲಿಯೊಂದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಳಗೆ ಗುಲಾಬಿ ಬಣ್ಣದ ಹರಳುಗಳು. ಹೊರಗೆ ಪ್ರಿಂಟರಿನಲ್ಲಿ ತೆಗೆದು ಅಂಟಿಸಿದ ಚೀಟಿ, ಅದರ ಮೇಲೆ ಎಲ್ಲವೂ ಕ್ಯಾಪಿಟಲ್ ಅಕ್ಷರಗಳಲ್ಲೇ: `COCL2`. ಚೀಟಿ ಬರೆದವರ ಮನಸ್ಸಿನಲ್ಲಿದ್ದದ್ದು CoCl₂, ಅಂದರೆ ಕೋಬಾಲ್ಟ್ ಕ್ಲೋರೈಡ್. ಒಣಗಿದಾಗ ನೀಲಿ, ತೇವ ಹೀರಿದಾಗ ಗುಲಾಬಿ ಆಗುವ ಲವಣ ಅದು. ಆದರೆ ಚೀಟಿಯನ್ನು COCl₂ ಎಂದೂ ಓದಬಹುದಲ್ಲ? ಹಾಗೆ ಓದಿದರೆ ಅದು ಫಾಸ್ಜೀನ್, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷಾನಿಲ. ಎರಡರ ನಡುವೆ ಇರುವುದು ಒಂದೇ ಒಂದು ಅಕ್ಷರದ ಗಾತ್ರ.

ಅಂದು ಬಾಟಲಿಯೊಳಗಿನ ಬಣ್ಣ ನೋಡಿ ಗೊಂದಲ ಬಗೆಹರಿಯಿತು. ಬಣ್ಣವಿಲ್ಲದ ವಸ್ತುವಾಗಿದ್ದರೆ ಚೀಟಿಯನ್ನೇ ನಂಬಬೇಕಾಗುತ್ತಿತ್ತು. ಧಾತುಗಳ ಸಂಕೇತ ಎಂದರೆ ಹೆಸರನ್ನು ಮೊಟಕುಗೊಳಿಸಿ ಬರೆದದ್ದು ಎಂದುಕೊಂಡಿರುವವರು ಬಹಳ ಮಂದಿ. ಅದು ಅಷ್ಟೇ ಅಲ್ಲ. ಈಗಾಗಲೇ ಬೇರೆ ಧಾತುಗಳು ಹಿಡಿದಿಟ್ಟುಕೊಂಡ ಅಕ್ಷರಗಳನ್ನು ಬಿಟ್ಟು, ಉಳಿದವುಗಳಲ್ಲಿ ಆರಿಸಿಕೊಂಡ ಗುರುತು ಅದು. ಈ ಆಯ್ಕೆ ಹೇಗೆ ನಡೆಯಿತು ಎಂಬುದು ಗೊತ್ತಾದರೆ ತವರಕ್ಕೆ Sn ಏಕೆ, ಆಂಟಿಮನಿಗೆ Sb ಏಕೆ, 2016ರಲ್ಲಿ ಬಂದ ಟೆನೆಸ್ಸೀನಿಗೆ Ts ಏಕೆ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಕಾಗದದ ಮೇಲೆ ಬಿಡಿಸಿಯೇ ನೋಡಬಹುದು. ಆ ಬಿಡಿಸುವ ಕ್ರಮವನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

ಹೆಜ್ಜೆ 1: ಕ್ಯಾಪಿಟಲ್ ಅಕ್ಷರ ಎಲ್ಲಿದೆ ನೋಡಿ

ಅಣುಸೂತ್ರವನ್ನು ಎಡದಿಂದ ಓದುತ್ತಾ ಹೋಗಿ. ಕ್ಯಾಪಿಟಲ್ ಅಕ್ಷರ ಬಂದಾಗಲೆಲ್ಲ ಹೊಸ ಧಾತು ಶುರುವಾಯಿತು ಎಂದು ತಿಳಿಯಿರಿ. ಅದರ ಬೆನ್ನಿಗೆ ಸಣ್ಣಕ್ಷರ ಬಂದರೆ ಅದು ಅದೇ ಧಾತುವಿನ ಎರಡನೇ ಅಕ್ಷರ. CoCl₂ನಲ್ಲಿ ಎರಡು ಕ್ಯಾಪಿಟಲ್ ಅಕ್ಷರಗಳಿವೆ, ಹಾಗಾಗಿ ಎರಡು ಧಾತುಗಳು: ಕೋಬಾಲ್ಟ್ ಮತ್ತು ಕ್ಲೋರಿನ್. COCl₂ನಲ್ಲಿ ಮೂರು ಇವೆ: ಇಂಗಾಲ, ಆಮ್ಲಜನಕ, ಕ್ಲೋರಿನ್. ಇಷ್ಟೇ ನಿಯಮ, ಇದಕ್ಕೆ ಅಪವಾದವಿಲ್ಲ.

ಇದೇ ಬಗೆಯ ಜೋಡಿಗಳು ಇನ್ನೂ ಇವೆ. No ಎಂದರೆ ನೊಬೆಲಿಯಂ, NO ಎಂದರೆ ನೈಟ್ರಿಕ್ ಆಕ್ಸೈಡ್. Hf ಎಂದರೆ ಹಾಫ್ನಿಯಂ ಎಂಬ ಲೋಹ, HF ಎಂದರೆ ಗಾಜನ್ನೇ ತಿನ್ನುವ ಹೈಡ್ರೋಜನ್ ಫ್ಲೋರೈಡ್. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಈ ತಪ್ಪು ತಾನಾಗಿ ನುಸುಳುತ್ತದೆ. ಶೀರ್ಷಿಕೆಗಳನ್ನು ಪೂರ್ತಿ ಕ್ಯಾಪಿಟಲ್ ಮಾಡುವ ವಿನ್ಯಾಸ, ವಾಕ್ಯದ ಮೊದಲಕ್ಷರವನ್ನು ತಾನೇ ತಿದ್ದುವ ತಂತ್ರಾಂಶ, ಎರಡೂ ಸಂಕೇತವನ್ನು ಕೆಡಿಸುತ್ತವೆ. ಆದ್ದರಿಂದ ಚೀಟಿ ಬರೆಯುವಾಗ ಸೂತ್ರದ ಜೊತೆಗೆ ವಸ್ತುವಿನ ಹೆಸರನ್ನೂ ಪೂರ್ತಿಯಾಗಿ ಬರೆಯುವುದು ಒಳ್ಳೆಯದು. ಸೂತ್ರ ಕೆಟ್ಟರೂ ಹೆಸರು ಕಾಪಾಡುತ್ತದೆ.

ಸಂಕೇತದ ಕೊನೆಗೆ ಚುಕ್ಕಿ ಹಾಕುವುದಿಲ್ಲ. ಯಾವ ಭಾಷೆಯ ಬರಹದಲ್ಲೇ ಆಗಲಿ ಸಂಕೇತ ರೋಮನ್ ಲಿಪಿಯಲ್ಲೇ ಇರುತ್ತದೆ. ಕನ್ನಡದಲ್ಲಿ ಚಿನ್ನ, ಜರ್ಮನ್‌ನಲ್ಲಿ ಗೋಲ್ಡ್, ಫ್ರೆಂಚಿನಲ್ಲಿ ಓರ್ ಎಂದು ಹೆಸರು ಏನೇ ಇರಲಿ, ಬರೆಯುವುದು Au ಎಂದೇ. ಹೆಸರು ಆಯಾ ಭಾಷೆಯ ಸ್ವತ್ತು, ಸಂಕೇತ ಎಲ್ಲರ ಸ್ವತ್ತು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಹೆಜ್ಜೆ 2: ಬೆರ್ಜೀಲಿಯಸ್ ಕಟ್ಟಿದ ನಿಯಮವನ್ನು ಕೈಗೆ ತೆಗೆದುಕೊಳ್ಳಿ

ಅಕ್ಷರಗಳ ಸಂಕೇತ ಬರುವ ಮೊದಲು ಚಿತ್ರಗಳಿದ್ದವು. ರಸವಾದಿಗಳು ಚಿನ್ನಕ್ಕೆ ಸೂರ್ಯನನ್ನೂ ಬೆಳ್ಳಿಗೆ ಚಂದ್ರನನ್ನೂ ತಾಮ್ರಕ್ಕೆ ಶುಕ್ರನ ಗುರುತನ್ನೂ ಕಬ್ಬಿಣಕ್ಕೆ ಮಂಗಳನ ಗುರುತನ್ನೂ ಬರೆಯುತ್ತಿದ್ದರು. 1808ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಡಾಲ್ಟನ್ ಪ್ರತಿ ಧಾತುವಿಗೂ ಒಂದೊಂದು ವೃತ್ತ ಕೊಟ್ಟರು. ಒಂದರೊಳಗೆ ಚುಕ್ಕಿ, ಇನ್ನೊಂದರೊಳಗೆ ಗೆರೆ, ಹಲವು ಲೋಹಗಳ ವೃತ್ತದೊಳಗೆ ಅಕ್ಷರ. ನೋಡಲು ಚೆಂದ, ಆದರೆ ಅಚ್ಚು ಹಾಕುವವರಿಗೆ ಪ್ರತಿಯೊಂದಕ್ಕೂ ಹೊಸ ಅಚ್ಚುಮೊಳೆ ಬೇಕು.

ಸ್ವೀಡನ್ನಿನ ಯೋನ್ಸ್ ಯಾಕೋಬ್ ಬೆರ್ಜೀಲಿಯಸ್ ಹಿಡಿದದ್ದು ಇದೇ ತೊಡಕನ್ನು. ಸಂಕೇತಗಳು ಅಕ್ಷರಗಳಾಗಿದ್ದರೆ ಬರೆಯುವುದೂ ಸುಲಭ, ಅಚ್ಚಾದ ಪುಟವೂ ವಿಕಾರವಾಗುವುದಿಲ್ಲ ಎಂಬುದು ಅವರ ವಾದ. 1813 ಮತ್ತು 1814ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಅವರು ತಮ್ಮ ನಿಯಮವನ್ನು ಹೇಳಿದರು. ಆಗ ಪ್ರತಿ ದೇಶದವರೂ ಲೋಹಗಳಿಗೆ ತಮ್ಮದೇ ಹೆಸರು ಹೇಳುತ್ತಿದ್ದರು. ಕಬ್ಬಿಣ ಇಂಗ್ಲಿಷಿನಲ್ಲಿ ಐರನ್, ಜರ್ಮನ್‌ನಲ್ಲಿ ಐಸನ್, ಫ್ರೆಂಚಿನಲ್ಲಿ ಫೇರ್, ಸ್ವೀಡಿಷ್‌ನಲ್ಲಿ ಯೇರ್ನ್. ಯಾರ ಹೆಸರನ್ನು ಹಿಡಿದರೂ ಉಳಿದವರಿಗೆ ಅದು ಪರಕೀಯ. ಎಲ್ಲ ದೇಶಗಳ ವಿದ್ವಾಂಸರೂ ಕಲಿತಿದ್ದ ಭಾಷೆ ಲ್ಯಾಟಿನ್. ಹಾಗಾಗಿ ಬೆರ್ಜೀಲಿಯಸ್ ಲ್ಯಾಟಿನ್ ಹೆಸರಿನ ಮೊದಲಕ್ಷರವನ್ನು ತೆಗೆದುಕೊಂಡರು. ತಮ್ಮ ತಾಯ್ನುಡಿಯಾದ ಸ್ವೀಡಿಷ್ ಅನ್ನೂ ಅವರು ಪಕ್ಕಕ್ಕಿಟ್ಟರು. ಸ್ವೀಡಿಷ್‌ನಲ್ಲಿ ಆಮ್ಲಜನಕಕ್ಕೆ ಸೂರೆ ಎನ್ನುತ್ತಾರೆ, ಆದರೂ ಸಂಕೇತ O.

ಒಂದೇ ಅಕ್ಷರದಿಂದ ಶುರುವಾಗುವ ಧಾತುಗಳು ಎದುರಾದಾಗ ಏನು ಮಾಡಬೇಕು? ಅವರ ಪರಿಹಾರಕ್ಕೆ ಮೂರು ಮೆಟ್ಟಿಲುಗಳಿದ್ದವು.

ಮೊದಲನೆಯದು, ಅಲೋಹಕ್ಕೆ ಆದ್ಯತೆ. ಒಂದೇ ಅಕ್ಷರಕ್ಕೆ ಅಲೋಹವೂ ಲೋಹವೂ ಹಕ್ಕು ಹೂಡಿದರೆ ಒಂಟಿ ಅಕ್ಷರ ಅಲೋಹಕ್ಕೆ ಸೇರುತ್ತದೆ. C ಇಂಗಾಲಕ್ಕೆ, O ಆಮ್ಲಜನಕಕ್ಕೆ, S ಗಂಧಕಕ್ಕೆ ದಕ್ಕಿದ್ದು ಹೀಗೆ. ಎರಡನೆಯದು, ಲೋಹಕ್ಕೆ ಹೆಸರಿನ ಮೊದಲ ಎರಡು ಅಕ್ಷರ. ಕೋಬಾಲ್ಟಿಗೆ Co, ಕುಪ್ರಂ ಅಂದರೆ ತಾಮ್ರಕ್ಕೆ Cu, ಆಸ್ಮಿಯಂಗೆ Os. ಮೂರನೆಯದೇ ನಿಜವಾಗಿ ಸೊಗಸಾದದ್ದು. ಎರಡು ಲೋಹಗಳ ಮೊದಲ ಎರಡೂ ಅಕ್ಷರಗಳು ಒಂದೇ ಆದರೆ, ಮೊದಲಕ್ಷರದ ಜೊತೆಗೆ ಅವೆರಡರಲ್ಲಿ ಬೇರೆಬೇರೆಯಾಗಿರುವ ಮೊದಲ ವ್ಯಂಜನವನ್ನು ಸೇರಿಸಬೇಕು.

ಸಂಕೇತದ ಎರಡನೇ ಅಕ್ಷರ ಹೆಸರಿನ ಎರಡನೇ ಅಕ್ಷರವೇ ಆಗಿರಬೇಕಿಲ್ಲ ಎನ್ನುವುದು ಹುಟ್ಟಿದ್ದು ಈ ಮೂರನೇ ಮೆಟ್ಟಿಲಿನಲ್ಲಿ.

ಹೆಜ್ಜೆ 3: ತವರ ಮತ್ತು ಆಂಟಿಮನಿಯನ್ನು ಕೈಯಾರೆ ಬಿಡಿಸಿ

ಒಂದು ಹಾಳೆ ತೆಗೆದುಕೊಳ್ಳಿ. ತವರದ ಲ್ಯಾಟಿನ್ ಹೆಸರು ಸ್ಟಾನಂ, ಆಂಟಿಮನಿಯದ್ದು ಸ್ಟಿಬಿಯಂ. ಒಂದರ ಕೆಳಗೆ ಒಂದನ್ನು ಅಕ್ಷರ ಬಿಡಿಸಿ ಬರೆಯಿರಿ.

```
S t a n n u m   ->  Sn
S t i b i u m   ->  Sb
```

ಮೊದಲಕ್ಷರ S ಗಂಧಕದ ಪಾಲಾಗಿದೆ, ಹಾಗಾಗಿ ಒಂಟಿ ಅಕ್ಷರ ಸಿಗುವುದಿಲ್ಲ. ಮೊದಲ ಎರಡಕ್ಷರ ತೆಗೆದುಕೊಳ್ಳೋಣ ಎಂದರೆ ಎರಡಕ್ಕೂ St. ಈಗ ಮುಂದೆ ಹೋಗಿ: ಎರಡೂ ಹೆಸರುಗಳು ಬೇರೆಯಾಗುವ ಮೊದಲ ವ್ಯಂಜನ ಯಾವುದು? ಒಂದರಲ್ಲಿ n, ಇನ್ನೊಂದರಲ್ಲಿ b. ತವರಕ್ಕೆ Sn, ಆಂಟಿಮನಿಗೆ Sb.

ಇಲ್ಲಿ ಒಂದು ಸ್ವಾರಸ್ಯವಿದೆ. ಬೆರ್ಜೀಲಿಯಸ್ ತಮ್ಮ ಮೊದಲ ಪಟ್ಟಿಯಲ್ಲಿ ಆಂಟಿಮನಿಗೆ St ಎಂದೇ ಬರೆದಿದ್ದರು. ತವರವನ್ನು Sn ಮಾಡಿದ ಮೇಲೆ St ಖಾಲಿ ಉಳಿಯಿತಲ್ಲ, ಅದನ್ನು ಆಂಟಿಮನಿಗೆ ಕೊಟ್ಟರು. ನಿಯಮವನ್ನು ಎರಡೂ ಕಡೆಗೆ ಸಮನಾಗಿ ಹಚ್ಚಿದ Sb ಆಮೇಲೆ ನೆಲೆಯೂರಿತು. ಓದುವವನ ದೃಷ್ಟಿಯಿಂದ ನೋಡಿದರೆ Sbಯೇ ವಾಸಿ: St ಎಂದು ಕಂಡರೆ ಸ್ಟಾನಮ್ಮೋ ಸ್ಟಿಬಿಯಮ್ಮೋ ಎಂದು ಪ್ರತಿಸಲವೂ ಅನುಮಾನ ಬರುತ್ತಿತ್ತು.

ಇನ್ನೊಂದು ಜೋಡಿಯಲ್ಲಿ ನೀವೇ ಪರೀಕ್ಷಿಸಿ. ಆರ್ಸೆನಿಕ್ಕಿನ ಹೆಸರೂ ಬೆಳ್ಳಿಯ ಲ್ಯಾಟಿನ್ ಹೆಸರಾದ ಅರ್ಜೆಂಟಂ ಕೂಡ Ar ಎಂದೇ ಶುರುವಾಗುತ್ತವೆ. ಬೇರೆಯಾಗುವ ವ್ಯಂಜನ ಒಂದರಲ್ಲಿ s, ಇನ್ನೊಂದರಲ್ಲಿ g. ಫಲ: As ಮತ್ತು Ag. ಚಿನ್ನದ ಔರಂಗೆ ಈ ತಾಪತ್ರಯವೇ ಇಲ್ಲ, ಮೊದಲ ಎರಡಕ್ಷರ ಯಾರದೂ ಅಲ್ಲ, ನೇರವಾಗಿ Au. ಇಂದಿನ ಮೆಗ್ನೀಸಿಯಂ ಮತ್ತು ಮ್ಯಾಂಗನೀಸ್ ಜೋಡಿಗೂ ಇದೇ ಕೀಲಿ ಹೊಂದುತ್ತದೆ. ಎರಡೂ Ma, ಆಮೇಲೆ ಒಂದರಲ್ಲಿ g, ಇನ್ನೊಂದರಲ್ಲಿ n. ಪರೀಕ್ಷೆಯಲ್ಲಿ ಮಕ್ಕಳು ಅತಿ ಹೆಚ್ಚು ಅದಲುಬದಲು ಮಾಡುವ Mg, Mn ಇವೇ. ಎರಡು ಹೆಸರನ್ನೂ ಒಂದರ ಕೆಳಗೆ ಒಂದು ಬರೆದು ಮೂರನೇ ಅಕ್ಷರಕ್ಕೆ ಬೆರಳಿಡಲು ಹೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಆದರೆ ಈ ಕೀಲಿ ಎಲ್ಲ ಬೀಗವನ್ನೂ ತೆರೆಯುತ್ತದೆ ಎಂದು ನಂಬಬೇಡಿ. ಸೀಸದ ಪ್ಲಂಬಂ ಮತ್ತು ಪ್ಲಾಟಿನಂ ಎರಡೂ Pl ಎಂದು ಶುರುವಾಗುತ್ತವೆ. ನಿಯಮವನ್ನು ಅಕ್ಷರಶಃ ಹಚ್ಚಿದರೆ ಪ್ಲಾಟಿನಂಗೆ Pt ಬರುತ್ತದೆ, ಅದು ಸರಿ. ಸೀಸಕ್ಕೆ Pm ಬರಬೇಕಿತ್ತು, ಉಳಿದದ್ದು Pb. ಪಾದರಸದ ಹೈಡ್ರಾರ್ಜಿರಂ ಕೂಡ ಹೀಗೆಯೇ. H ಜಲಜನಕದ್ದು, ಮೊದಲೆರಡಕ್ಷರದ ನಿಯಮದಂತೆ Hy ಆಗಬೇಕಿತ್ತು, ಆದದ್ದು Hg. ಬೆರ್ಜೀಲಿಯಸ್ ಕೊಟ್ಟದ್ದು ಚೌಕಟ್ಟು, ಅದರೊಳಗೆ ಬಳಕೆ ತನ್ನ ದಾರಿಯನ್ನು ತಾನೇ ಮಾಡಿಕೊಂಡಿದೆ. ಹೆಸರಿನೊಳಗಿನ ಅಕ್ಷರವೇ ಆಗಿರಬೇಕು, ಮೊದಲಕ್ಷರ ಮೊದಲೇ ಬರಬೇಕು ಎಂಬ ಎರಡು ಗೆರೆಗಳನ್ನಂತೂ ಯಾವ ಸಂಕೇತವೂ ದಾಟಿಲ್ಲ.

ಹೆಜ್ಜೆ 4: ಹನ್ನೊಂದನ್ನೂ ಒಂದೇ ಬುಟ್ಟಿಗೆ ಹಾಕಬೇಡಿ

118 ಧಾತುಗಳಲ್ಲಿ ಇಂಗ್ಲಿಷ್ ಹೆಸರಿಗೂ ಸಂಕೇತಕ್ಕೂ ತಾಳೆಯಾಗದವು ಹನ್ನೊಂದು: Na, K, Fe, Cu, Ag, Sn, Sb, W, Au, Hg, Pb. ಇವನ್ನೆಲ್ಲ ಹಳೆಯ ಲ್ಯಾಟಿನ್ ಹೆಸರುಗಳು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. ಅದು ಅರ್ಧ ನಿಜ. ಇವುಗಳ ಹಿನ್ನೆಲೆ ಬೇರೆಬೇರೆ, ಹಾಗಾಗಿ ಬೇರ್ಪಡಿಸಿ ನೋಡುವುದೇ ಸರಿಯಾದ ಕ್ರಮ.

ರೋಮನ್ನರ ಬಾಯಲ್ಲೇ ಇದ್ದ ಹೆಸರುಗಳು ಮೊದಲು. ಔರಂ, ಅರ್ಜೆಂಟಂ, ಫೆರ್ರಂ, ಪ್ಲಂಬಂ ಇವು ಆ ಲೋಹಗಳಿಗೆ ಆ ಜನ ದಿನಬಳಕೆಯಲ್ಲಿ ಹೇಳುತ್ತಿದ್ದ ಮಾತುಗಳು. ತಾಮ್ರ ಸೈಪ್ರಸ್ ದ್ವೀಪದ ಗಣಿಗಳಿಂದ ಬರುತ್ತಿದ್ದುದರಿಂದ ಸೈಪ್ರಸ್ಸಿನ ಲೋಹ ಎಂಬುದೇ ಸವೆದು ಕುಪ್ರಂ ಆಯಿತು. ರೋಮನ್ನರ ನೀರಿನ ಕೊಳವೆಗಳು ಸೀಸದವು. ನಲ್ಲಿ ರಿಪೇರಿ ಮಾಡುವವರನ್ನು ಇಂದಿಗೂ ಪ್ಲಂಬರ್ ಎನ್ನುವುದು ಆ ಪ್ಲಂಬಂ ಇಂದಲೇ.

ಸ್ಟಾನಂ ಕಥೆ ಸ್ವಲ್ಪ ತಿರುವುಳ್ಳದ್ದು. 1ನೇ ಶತಮಾನದ ಪ್ಲಿನಿ ಸೀಸಕ್ಕೆ ಕಪ್ಪು ಪ್ಲಂಬಂ ಎಂದೂ ತವರಕ್ಕೆ ಬಿಳಿ ಪ್ಲಂಬಂ ಎಂದೂ ಬರೆದಿದ್ದಾರೆ. ಸ್ಟಾನಂ ಎಂಬ ಮಾತು ಆಗ ಬೆಳ್ಳಿ ಮತ್ತು ಸೀಸ ಬೆರೆತ ಮಿಶ್ರಲೋಹಕ್ಕಿತ್ತು. ಅದು ತವರದ ಹೆಸರಾಗಿ ನಿಂತದ್ದು ತಡವಾಗಿ. ಸ್ಟಿಬಿಯಂ ಕೂಡ ಮೊದಲಿಗೆ ಲೋಹದ ಹೆಸರಲ್ಲ, ಕಣ್ಣಿಗೆ ಹಚ್ಚುವ ಕಪ್ಪಾಗಿ ಬಳಸುತ್ತಿದ್ದ ಆಂಟಿಮನಿ ಅದಿರಿನ ಪುಡಿಯ ಹೆಸರು.

ಪಾದರಸದ ಹೈಡ್ರಾರ್ಜಿರಂ ಹುಟ್ಟಿನಲ್ಲಿ ಗ್ರೀಕ್. ಹೈಡೋರ್ ಎಂದರೆ ನೀರು, ಅರ್ಗ್ಯುರೋಸ್ ಎಂದರೆ ಬೆಳ್ಳಿ. ನೀರಿನಂತೆ ಹರಿಯುವ ಬೆಳ್ಳಿ ಎಂಬ ಗ್ರೀಕ್ ಮಾತಿಗೆ ಲ್ಯಾಟಿನ್ ಉಡುಪು ತೊಡಿಸಿದ್ದಾರೆ ಅಷ್ಟೆ.

Na ಮತ್ತು K ಬಗ್ಗೆ ಆಗುವ ತಪ್ಪು ತಿಳಿವಳಿಕೆಯೇ ದೊಡ್ಡದು. ಇವೆರಡು ಲೋಹಗಳನ್ನು ರೋಮನ್ನರು ಕಂಡೇ ಇರಲಿಲ್ಲ. ಹಂಫ್ರಿ ಡೇವಿ 1807ರಲ್ಲಿ ಕರಗಿಸಿದ ಪೊಟ್ಯಾಶ್ ಮತ್ತು ಸೋಡಾ ಕ್ಷಾರಗಳಲ್ಲಿ ವಿದ್ಯುತ್ ಹರಿಸಿ ಇವನ್ನು ಮೊದಲ ಸಲ ಬೇರ್ಪಡಿಸಿದರು, ಪೊಟ್ಯಾಸಿಯಂ, ಸೋಡಿಯಂ ಎಂದು ಹೆಸರಿಟ್ಟರು. ಮಡಕೆಯಲ್ಲಿ ಬತ್ತಿಸಿದ ಬೂದಿ ಎಂಬುದೇ ಪೊಟ್ಯಾಶ್ ಪದದ ಅರ್ಥ. ಜರ್ಮನ್ ಮತ್ತು ಸ್ವೀಡಿಷ್ ರಸಾಯನಜ್ಞರಿಗೆ ಇನ್ನೊಂದು ಹೆಸರು ಹಿಡಿಸಿತು. ಸಸ್ಯದ ಬೂದಿಗಿರುವ ಅರಬ್ಬಿ ಮಾತಿನಿಂದ ಬಂದ ಕಾಲಿಯಿಂದ ಕಾಲಿಯಂ, ಈಜಿಪ್ಟಿನ ಒಣಸರೋವರಗಳ ಲವಣವಾದ ನೇಟ್ರಾನ್‌ನಿಂದ ನೇಟ್ರಿಯಂ. ಅಂದರೆ ಇವು 19ನೇ ಶತಮಾನದಲ್ಲಿ ಲ್ಯಾಟಿನ್ ಧಾಟಿಯಲ್ಲಿ ಹೊಸದಾಗಿ ಕಟ್ಟಿದ ಪದಗಳು. ಜರ್ಮನ್ ಶಾಲಾಪುಸ್ತಕದಲ್ಲಿ ಇಂದಿಗೂ ಸೋಡಿಯಂ ಎಂಬ ಹೆಸರಿಲ್ಲ, ನಾಟ್ರಿಯಂ ಎಂದೇ ಇದೆ. ಅಲ್ಲಿನ ಮಕ್ಕಳಿಗೆ Na ಏಕೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಅಕ್ಷರಗಳ ಲೆಕ್ಕದಲ್ಲೂ ಇದು ಅನುಕೂಲವಾಯಿತು. P ರಂಜಕದ ಪಾಲು, S ಗಂಧಕದ ಪಾಲು, K ಮಾತ್ರ ಯಾರಿಗೂ ಸೇರಿರಲಿಲ್ಲ. ಲೋಹವಾದರೂ ಪೊಟ್ಯಾಸಿಯಂಗೆ ಒಂಟಿ ಅಕ್ಷರ ದಕ್ಕಿದ್ದು ಇದರಿಂದ.

ಕೊನೆಗೆ W. ಇದು ಲ್ಯಾಟಿನ್ ಅಲ್ಲವೇ ಅಲ್ಲ. ವೊಲ್ಫ್ರಂ ಜರ್ಮನ್ ಮೂಲದ ಹೆಸರು, ವೊಲ್ಫ್ರಮೈಟ್ ಎಂಬ ಅದಿರಿನ ಜೊತೆ ಬಂದದ್ದು. ಟಂಗ್‌ಸ್ಟನ್ ಎಂಬುದು ಭಾರದ ಕಲ್ಲು ಎಂಬರ್ಥದ ಸ್ವೀಡಿಷ್ ಮಾತು. ಲ್ಯಾಟಿನ್ ವರ್ಣಮಾಲೆಯಲ್ಲಿ W ಅಕ್ಷರವೇ ಇರಲಿಲ್ಲ, ಹಾಗಾಗಿ ಈ ಸಂಕೇತ ರೋಮಿನದ್ದಲ್ಲ ಎಂದು ನೋಡಿದ ಕೂಡಲೇ ಹೇಳಬಹುದು.

ಹೆಜ್ಜೆ 5: ಹೆಸರಿಲ್ಲದ ಧಾತುವಿಗೆ ತಾತ್ಕಾಲಿಕ ಹೆಸರು ಕಟ್ಟಿ

ಈಗ ಹೊಸ ಕಾಲಕ್ಕೆ ಬರೋಣ. ಧಾತುಗಳಿಗೆ ಹೆಸರು ಅಂತಿಮಗೊಳಿಸುವುದು ಐಯುಪ್ಯಾಕ್, ಅಂದರೆ ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ. ಹೊಸ ಧಾತು ಸಿಕ್ಕಿತೆಂದು ಯಾರೋ ಹೇಳಿದ ಮಾತ್ರಕ್ಕೆ ಹೆಸರು ಬರುವುದಿಲ್ಲ. ಅದು ದೃಢಪಡುವವರೆಗೆ ಪರಮಾಣು ಸಂಖ್ಯೆಯಿಂದಲೇ ಕಟ್ಟಿದ ಹೆಸರನ್ನು ಬಳಸಬಹುದು. ಸಂಖ್ಯೆಯ ಪ್ರತಿ ಅಂಕಿಗೂ ಒಂದು ತುಣುಕು:

```
0 nil   1 un    2 bi    3 tri   4 quad
5 pent  6 hex   7 sept  8 oct   9 enn
```

ತುಣುಕುಗಳನ್ನು ಕ್ರಮವಾಗಿ ಜೋಡಿಸಿ, ಕೊನೆಗೆ `ium` ಸೇರಿಸಿ. ಸಂಕೇತಕ್ಕೆ ಪ್ರತಿ ತುಣುಕಿನ ಮೊದಲಕ್ಷರ. 119 ಮತ್ತು 120ಕ್ಕೆ ಹೀಗೆ ಬರುತ್ತದೆ:

```
1-1-9  un + un + enn + ium  ->  ununennium  Uue
1-2-0  un + bi + nil + ium  ->  unbinilium  Ubn
```

ಎರಡು ಕಡೆ ಮಾತ್ರ ಎಚ್ಚರ ಬೇಕು. `bi` ಅಥವಾ `tri` ಕೊನೆಯಲ್ಲಿ ಬಂದರೆ ಎರಡು `i` ಒತ್ತಟ್ಟಿಗೆ ನಿಲ್ಲುತ್ತವೆ, ಒಂದನ್ನು ಬಿಡಬೇಕು. 123 ಆದ್ದರಿಂದ `unbitrium`. `enn` ಆದಮೇಲೆ `nil` ಬಂದರೆ ಮೂರು `n` ಆಗುತ್ತವೆ, ಅಲ್ಲಿಯೂ ಒಂದನ್ನು ಬಿಡಬೇಕು.

ತುಣುಕುಗಳನ್ನು ಇನ್ನೊಮ್ಮೆ ನೋಡಿ. ಕೆಲವು ಲ್ಯಾಟಿನ್, ಕೆಲವು ಗ್ರೀಕ್, ಹೀಗೆ ಕಲಸಿದ್ದೇಕೆ? ಆರಕ್ಕೆ ಲ್ಯಾಟಿನ್‌ನ ಸೆಕ್ಸ್ ತೆಗೆದುಕೊಂಡಿದ್ದರೆ ಏಳರ ಸೆಪ್ಟ್ ಜೊತೆ ಮೊದಲಕ್ಷರ ಡಿಕ್ಕಿ ಹೊಡೆಯುತ್ತಿತ್ತು, ಅದಕ್ಕೇ ಗ್ರೀಕಿನ ಹೆಕ್ಸ್. ಒಂಬತ್ತಕ್ಕೆ ಲ್ಯಾಟಿನ್‌ನ ನೋವೆಂ ಹಿಡಿದಿದ್ದರೆ ಸೊನ್ನೆಯ ನಿಲ್ ಜೊತೆ ಜಗಳ, ಅದಕ್ಕೇ ಎನ್. ಹತ್ತು ಅಂಕಿಗಳಿಗೂ ಹತ್ತು ಬೇರೆಬೇರೆ ಮೊದಲಕ್ಷರ ಸಿಗುವಂತೆ ಆರಿಸಿದ್ದಾರೆ. ಹಾಗಾಗಿ Uue ಎಂಬ ಸಂಕೇತವನ್ನು ಹಿಂದಕ್ಕೆ ಓದಿ 119 ಎಂಬ ಸಂಖ್ಯೆಗೆ ಮರಳಬಹುದು. ಸಂಕೇತದಲ್ಲಿ ಮೂರಕ್ಷರ ಇರುವುದರಿಂದ ಒಂದೆರಡು ಅಕ್ಷರದ ಕಾಯಂ ಸಂಕೇತಗಳೊಡನೆ ಎಂದೂ ಗೊಂದಲವಾಗುವುದಿಲ್ಲ.

ಹೆಜ್ಜೆ 6: ಕಾಯಂ ಹೆಸರು ಕೊಡುವುದು, 117ನೇ ಧಾತುವಿನ ಜೊತೆ ನಡೆದು ನೋಡಿ

ರಷ್ಯಾದ ದುಬ್ನಾದಲ್ಲಿ, ಅಮೆರಿಕದ ಪ್ರಯೋಗಶಾಲೆಗಳ ಸಹಯೋಗದಲ್ಲಿ, ಬರ್ಕೀಲಿಯಂ ಗುರಿಯ ಮೇಲೆ ಕ್ಯಾಲ್ಸಿಯಂ ಅಯಾನುಗಳನ್ನು ಹಾಯಿಸಿ 117ನೇ ಧಾತುವನ್ನು ಪಡೆದರು. ಟೆನೆಸ್ಸೀ ರಾಜ್ಯದ ಓಕ್ ರಿಜ್ ಪ್ರಯೋಗಶಾಲೆ ತಯಾರಿಸಿ ಕೊಟ್ಟ ಬರ್ಕೀಲಿಯಂ ಬರೀ 22 ಮಿಲಿಗ್ರಾಂ, ಅದೂ ಒಂದು ವರ್ಷದೊಳಗೆ ಅರ್ಧಕ್ಕೆ ಇಳಿಯುವಂಥದ್ದು. 2010ರಲ್ಲಿ ಶೋಧವನ್ನು ಪ್ರಕಟಿಸಿದರು. ಭೌತವಿಜ್ಞಾನಿಗಳ ಮತ್ತು ರಸಾಯನಜ್ಞರ ಒಕ್ಕೂಟಗಳ ಜಂಟಿ ತಂಡ ಸಾಕ್ಷ್ಯಗಳನ್ನು ಜರಡಿ ಹಿಡಿದು ಒಪ್ಪಿದ ಮೇಲೆ, 2015ರ ಡಿಸೆಂಬರ್ 30ರಂದು ಮಾನ್ಯತೆಯ ಘೋಷಣೆ ಬಂತು. ಅನಂತರವೇ ಹೆಸರು ಸೂಚಿಸಲು ಶೋಧಕರಿಗೆ ಆಹ್ವಾನ.

ಮೊದಲು ಹೆಸರಿನ ಮೂಲ. ಅದು ಐದರಲ್ಲಿ ಒಂದಾಗಿರಬೇಕು: ಪುರಾಣದ ಪಾತ್ರ ಅಥವಾ ಕಲ್ಪನೆ (ಆಕಾಶಕಾಯವೂ ಇದರಲ್ಲೇ ಬರುತ್ತದೆ), ಖನಿಜ, ಸ್ಥಳ, ಧಾತುವಿನ ಗುಣ, ವಿಜ್ಞಾನಿ. ಇಲ್ಲಿ ಸ್ಥಳವನ್ನು ಆರಿಸಿದರು, ಟೆನೆಸ್ಸೀ.

ಆಮೇಲೆ ಹೆಸರಿನ ಬಾಲ. ಧಾತು ಆವರ್ತಕ ಕೋಷ್ಟಕದ ಯಾವ ಗುಂಪಿನಲ್ಲಿದೆ ನೋಡಬೇಕು. 1ರಿಂದ 16ನೇ ಗುಂಪಿನವರೆಗೆ `ium`, 17ನೇ ಗುಂಪಾದರೆ ಕ್ಲೋರಿನ್, ಬ್ರೋಮಿನ್‌ಗಳಂತೆ `ine`, 18ನೇ ಗುಂಪಾದರೆ ನಿಯಾನ್, ಆರ್ಗಾನ್‌ಗಳಂತೆ `on`. 117 ಬರುವುದು 17ನೇ ಗುಂಪಿನಲ್ಲಿ, ಆದ್ದರಿಂದ `tennessine`. ಪಕ್ಕದ 118 ಜಡಾನಿಲಗಳ ಸಾಲಿನದ್ದು, ಅದಕ್ಕೇ ಯೂರಿ ಒಗನೆಸ್ಯಾನ್ ಅವರ ಹೆಸರು ಒಗನೆಸ್ಸಾನ್ ಎಂದು ಮುಗಿಯುತ್ತದೆ. ಈ ನಿಯಮ ಹಿಂದಿನವಕ್ಕೆ ಅನ್ವಯಿಸುವುದಿಲ್ಲ. ಹೀಲಿಯಂ ಜಡಾನಿಲವಾದರೂ ಲೋಹದ ಬಾಲ ಹೊತ್ತಿದೆ, ಏಕೆಂದರೆ ಸೂರ್ಯನ ಬೆಳಕಿನಲ್ಲಿ ಅದರ ಗೆರೆ ಕಂಡಾಗ ಅದನ್ನು ಲೋಹವೆಂದು ಭಾವಿಸಿದ್ದರು. ಹಳೆಯ ಹೆಸರನ್ನು ತಿದ್ದಲು ಯಾರೂ ಹೋಗಿಲ್ಲ, ಹೋಗಬಾರದು ಕೂಡ.

ಇನ್ನು ಸಂಕೇತ. ಇಲ್ಲಿ ಹಾಳೆ ಮತ್ತೆ ಬೇಕು. ಹೆಸರಿನೊಳಗೆ T ಆದಮೇಲೆ ಸಿಗುವ ಬೇರೆಬೇರೆ ಅಕ್ಷರಗಳು ನಾಲ್ಕೇ: e, n, s, i.

```
Te   ಟೆಲ್ಲೂರಿಯಂ ಬಳಿ ಇದೆ
Ti   ಟೈಟೇನಿಯಂ ಬಳಿ ಇದೆ
Tn   ಹಿಂದೆ ಥೋರಾನ್‌ಗೆ ಬಳಕೆಯಾಗಿತ್ತು
Ts   ಉಳಿದದ್ದು
```

ಥೋರಾನ್ ಎಂದರೆ ರೇಡಾನ್‌ನ ಒಂದು ಸಮಸ್ಥಾನಿ. ಒಂದು ಕಾಲಕ್ಕೆ ಅದನ್ನು ಪ್ರತ್ಯೇಕ ಹೆಸರಿನಿಂದ ಕರೆದು Tn ಎಂದು ಬರೆಯುತ್ತಿದ್ದರು. ಇಂದು ಅದು ಕೋಷ್ಟಕದಲ್ಲಿಲ್ಲ, ಆದರೆ ಹಳೆಯ ಪ್ರಬಂಧಗಳಲ್ಲಿದೆ. ಒಮ್ಮೆ ಒಂದು ಅರ್ಥದಲ್ಲಿ ಅಚ್ಚಾದ ಗುರುತನ್ನು ಇನ್ನೊಂದು ಅರ್ಥಕ್ಕೆ ಕೊಟ್ಟರೆ ಮುಂದಿನ ಓದುಗ ದಾರಿ ತಪ್ಪುತ್ತಾನೆ. ಸಾವಯವ ರಸಾಯನಶಾಸ್ತ್ರದವರು Ts ಬಗ್ಗೆಯೂ ಆಕ್ಷೇಪ ಎತ್ತಿದರು. ಟೊಸಿಲ್ ಎಂಬ ಅಣುಗುಂಪಿಗೆ ಅವರು ಅದನ್ನೇ ಬಳಸುತ್ತಾರೆ. ಆದರೆ Ac ಆಕ್ಟಿನಿಯಂಗೂ ಅಸಿಟೈಲ್ ಗುಂಪಿಗೂ, Pr ಪ್ರೇಸಿಯೋಡೈಮಿಯಂಗೂ ಪ್ರೊಪೈಲ್ ಗುಂಪಿಗೂ ಮೊದಲಿನಿಂದ ನಡೆದುಕೊಂಡು ಬಂದಿವೆ. ಸಂದರ್ಭ ನೋಡಿದರೆ ಅರ್ಥವಾಗುತ್ತದೆ. ಆ ಆಕ್ಷೇಪ ನಿಲ್ಲಲಿಲ್ಲ.

2016ರ ಜೂನ್ 8ರಂದು ಪ್ರಸ್ತಾವಿತ ಹೆಸರನ್ನು ಸಾರ್ವಜನಿಕರ ಮುಂದಿಟ್ಟರು, ಐದು ತಿಂಗಳು ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದಿತ್ತು. ನವೆಂಬರ್ 28ರಂದು ಅಂತಿಮ ಒಪ್ಪಿಗೆ ಸಿಕ್ಕಿತು.

ಹೆಜ್ಜೆ 7: ಹಳೆಯ ಬಳಕೆ ಅಡ್ಡ ಬರುತ್ತದೆಯೇ ಹುಡುಕಿ

ಹೊಸ ಹೆಸರು ಮುಗ್ಗರಿಸುವುದು ಸಾಮಾನ್ಯವಾಗಿ ಇಲ್ಲೇ. 112ನೇ ಧಾತುವಿಗೆ 2009ರಲ್ಲಿ ಕೋಪರ್ನಿಸಿಯಂ ಎಂಬ ಹೆಸರಿನ ಜೊತೆ Cp ಎಂಬ ಸಂಕೇತ ಸೂಚಿಸಿದ್ದರು. ಇಂದಿನ ಲುಟೇಷಿಯಂ ಅನ್ನು ಒಂದು ಕಾಲಕ್ಕೆ ಕ್ಯಾಸಿಯೋಪಿಯಂ ಎಂದು ಕರೆದು Cp ಎಂದೇ ಬರೆಯುತ್ತಿದ್ದರು ಎಂಬುದು ಎದುರಾಯಿತು. ಹೆಸರನ್ನು ಉಳಿಸಿಕೊಂಡು ಸಂಕೇತವನ್ನು Cn ಮಾಡಿ, 2010ರ ಫೆಬ್ರವರಿ 19ರಂದು, ಕೋಪರ್ನಿಕಸ್ಸರ ಹುಟ್ಟುಹಬ್ಬದ ದಿನ, ಅಂತಿಮಗೊಳಿಸಿದರು.

ಜಪಾನಿನ 113ರಲ್ಲಿ ಹೆಸರಿಗೇ ಈ ತೊಡಕಿತ್ತು. 1908ರಲ್ಲಿ ಮಸಟಾಕ ಒಗಾವ 43ನೇ ಧಾತು ಸಿಕ್ಕಿತೆಂದು ಭಾವಿಸಿ ನಿಪ್ಪೋನಿಯಂ ಎಂದು ಹೆಸರಿಟ್ಟಿದ್ದರು. ಆ ಶೋಧಕ್ಕೆ ಮಾನ್ಯತೆ ದಕ್ಕಲಿಲ್ಲ. ಅವರ ಕೈಗೆ ಸಿಕ್ಕಿದ್ದು ಆಗಿನ್ನೂ ಯಾರೂ ಕಾಣದ ರೀನಿಯಂ ಆಗಿತ್ತೆಂದು ಬಹಳ ಕಾಲದ ಮೇಲೆ ತಿಳಿಯಿತು. ಒಮ್ಮೆ ಬಳಕೆಯಾಗಿ ಬಿದ್ದುಹೋದ ಹೆಸರನ್ನು ಬೇರೆ ಧಾತುವಿಗೆ ಕೊಡುವಂತಿಲ್ಲ. ಅದೇ ನಾಡಿನ ಇನ್ನೊಂದು ಹೆಸರಾದ ನಿಹೋನ್ ಕೈಹಿಡಿಯಿತು: ನಿಹೋನಿಯಂ. Ni ನಿಕ್ಕಲ್ಲಿನದ್ದಾದ್ದರಿಂದ ಸಂಕೇತ Nh. ನೂರು ವರ್ಷದ ಹಿಂದಿನ ಆ ಪ್ರಯತ್ನದ ನೆನಪು ಈ ಹೆಸರಿನ ಒಳಗೇ ಇದೆ ಎಂದು ನನಗೆ ಪ್ರತಿಸಲ ಅನಿಸುತ್ತದೆ.

ಹಳೆಯ ಪುಸ್ತಕ ಓದುವವರೂ ಇದೇ ಎಚ್ಚರ ಇಟ್ಟುಕೊಳ್ಳಬೇಕು. 1957ರವರೆಗೆ ಆರ್ಗಾನ್ ಸಂಕೇತ ಬರೀ A ಆಗಿತ್ತು, ಈಗಿನ Ar ಆಮೇಲಿನದು. Cb ಎಂದು ಕಂಡರೆ ಅದು ನಯೋಬಿಯಂ, ಅದಕ್ಕೆ ಹಿಂದೆ ಕೊಲಂಬಿಯಂ ಎಂಬ ಹೆಸರಿತ್ತು. Gl ಎಂದಿದ್ದರೆ ಬೆರಿಲಿಯಂ, ಆಗಿನ ಗ್ಲೂಸಿನಿಯಂ. ಜರ್ಮನ್ ಪುಸ್ತಕಗಳಲ್ಲಿ ಅಯೋಡಿನ್‌ಗೆ J ಎಂದಿರುವುದುಂಟು. ಗುರುತು ಸಿಗದಿದ್ದರೆ ಮೊದಲು ಪುಸ್ತಕದ ವರ್ಷ ನೋಡಿ, ಆಮೇಲೆ ಅಲ್ಲಿ ಕೊಟ್ಟಿರುವ ಪರಮಾಣು ಭಾರವನ್ನು ಇಂದಿನ ಕೋಷ್ಟಕದೊಂದಿಗೆ ತಾಳೆ ನೋಡಿ. ಅಕ್ಷರ ಬದಲಾದರೂ ಭಾರ ಹೆಚ್ಚು ಕಡಿಮೆ ಅದೇ ಇರುತ್ತದೆ.

119 ಸಿಕ್ಕಿದ ದಿನ ನೀವೇ ಕೂತು ಲೆಕ್ಕ ಹಾಕಬಹುದು. ಅದು 1ನೇ ಗುಂಪಿನದ್ದು, ಆದ್ದರಿಂದ ಬಾಲ `ium`. ಹೆಸರಿನ ಮೊದಲಕ್ಷರ S ಅಥವಾ C ಆಗಿದ್ದರೆ ಜಾಗಕ್ಕೆ ನೂಕುನುಗ್ಗಲು, ಎರಡೂ ಸಾಲು ತುಂಬಿವೆ. J ಅಥವಾ Q ಆಗಿದ್ದರೆ ಎದುರಾಳಿಯೇ ಇಲ್ಲ. ಇಂದಿನ ಕೋಷ್ಟಕದ 118 ಸಂಕೇತಗಳಲ್ಲಿ ಎಲ್ಲಿಯೂ ಕಾಣದ ಅಕ್ಷರಗಳು ಅವೆರಡೇ.